ಒಂದೇ ಲೂಟ್ ಬಾಕ್ಸ್, ಬೇರೆ ಬೇರೆ ಕಾನೂನು: ಯಾವ ದೇಶ ಅದನ್ನು ಏನೆಂದು ಕರೆಯುತ್ತದೆ?

ಬೆಂಗಳೂರಿನಲ್ಲಿ ಮೂವರು ಗೆಳೆಯರ ಜೊತೆ ಸೇರಿ ಮೊಬೈಲ್ ಗೇಮ್ ಮಾಡುತ್ತಿರುವ ಹುಡುಗನೊಬ್ಬ ನನಗೆ ಫೋನ್ ಮಾಡಿದ್ದ. ಗೇಮ್‌ಗಳ ಒಳಗಿನ ಬೆಲೆ, ಬಹುಮಾನಗಳ ಲೆಕ್ಕ ಹಾಕುವುದು ನನ್ನ ಕೆಲಸ. ಅವನ ಪ್ರಶ್ನೆ ಇಷ್ಟೇ: "ಅಣ್ಣ, ಲೂಟ್ ಬಾಕ್ಸ್ ಇಡೋದಾ, ಬೇಡ್ವಾ? ಒಂದ್ ದೇಶದಲ್ಲಿ ಜೂಜು ಅಂತಾರೆ, ಇನ್ನೊಂದ್ ದೇಶದಲ್ಲಿ ಏನೂ ಅನ್ನಲ್ಲ. ಯಾರ ಮಾತು ಕೇಳ್ಬೇಕು?" ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಗೇಮ್ ಮಾಡುವವರಿಗೆ ಆಯ್ಕೆ ಮಾಡಲು ಇದು ನೆರವಾದೀತು. ಮಗುವಿನ ಕೈಗೆ ಫೋನ್ ಕೊಟ್ಟಿರುವ ತಂದೆ ತಾಯಿಗೂ ಇದರಲ್ಲಿ ತಿಳಿಯಬೇಕಾದ ವಿಷಯವಿದೆ.

ಲೂಟ್ ಬಾಕ್ಸ್ ಎಂದರೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ. ಒಳಗೆ ಏನಿದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಬಂದೂಕಿನ ಬಣ್ಣ, ಫುಟ್‌ಬಾಲ್ ಆಟಗಾರನ ಕಾರ್ಡು, ಹೊಸ ಪಾತ್ರ, ಯಾವುದಾದರೂ ಬರಬಹುದು. ನಮ್ಮೂರಿನ ಅಂಗಡಿಯಲ್ಲಿ ಚಿಕ್ಕವರಿದ್ದಾಗ ರಟ್ಟಿಗೆ ಅಂಟಿಸಿದ ಚೀಟಿ ಹರಿಯುತ್ತಿದ್ದೆವಲ್ಲ, ಹಾಗೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ನೋಡಲು ಹಾಗೇ ಕಂಡರೂ ಲೆಕ್ಕ ಬೇರೆ. ರಟ್ಟಿನಲ್ಲಿ ನೂರು ಚೀಟಿ ಇದ್ದು, ಅದರಲ್ಲಿ ಒಂದಕ್ಕೆ ದೊಡ್ಡ ಬಹುಮಾನ ಇದ್ದರೆ ನೂರನ್ನೂ ಹರಿದವನಿಗೆ ಅದು ಸಿಕ್ಕೇ ಸಿಗುತ್ತದೆ. ಹರಿದ ಚೀಟಿ ಕಣ್ಣೆದುರೇ ಕಡಿಮೆಯಾಗುತ್ತದೆ. ಗೇಮ್ ಒಳಗಿನ ಪೆಟ್ಟಿಗೆಯಲ್ಲಿ ಚೀಟಿ ಮುಗಿಯುವುದೇ ಇಲ್ಲ. ಶೇ. 1ರ ಅವಕಾಶ ಎಂದರೆ ಪ್ರತಿ ಸಲವೂ ಹೊಸದಾಗಿ ಶೇ. 1. ನೂರು ಪೆಟ್ಟಿಗೆ ತೆರೆದವರಲ್ಲಿ ಶೇ. 63 ಜನರಿಗೆ ವಸ್ತು ಸಿಕ್ಕಿರುತ್ತದೆ, ಉಳಿದ ಶೇ. 37 ಜನ ಖಾಲಿ ಕೈಯಲ್ಲಿರುತ್ತಾರೆ. ಮುನ್ನೂರು ತೆರೆದರೂ ನೂರರಲ್ಲಿ ಸುಮಾರು ಐವರಿಗೆ ಸಿಕ್ಕಿರುವುದಿಲ್ಲ. ಎಲ್ಲ ದೇಶಗಳ ತಕರಾರೂ ಶುರುವಾಗುವುದು ಈ ಐವರಿಂದ.

ಬೆಲ್ಜಿಯಂ ಕೇಳುವ ಪ್ರಶ್ನೆ: ಇಲ್ಲಿ ಪಣ ಇದೆಯೇ?

ಬೆಲ್ಜಿಯಂನ ಜೂಜು ಕಾನೂನು 1999ರದು. ಅದು ನೋಡುವುದು ನಾಲ್ಕೇ ಸಂಗತಿ. ಆಟ ಇರಬೇಕು, ಪಣ ಇಡಬೇಕು, ಯಾರಾದರೂ ಒಬ್ಬರಿಗಾದರೂ ಸೋಲು ಅಥವಾ ಗೆಲುವು ಆಗಬೇಕು, ಅದರಲ್ಲಿ ಅದೃಷ್ಟದ ಪಾತ್ರ ಇರಬೇಕು. ಗೆದ್ದ ವಸ್ತುವನ್ನು ಮಾರಿ ದುಡ್ಡು ಮಾಡಿಕೊಳ್ಳಲು ಆಗಬೇಕು ಎಂಬ ಷರತ್ತು ಅಲ್ಲಿಲ್ಲ. ಹಾಗಾಗಿ 2018ರ ಏಪ್ರಿಲ್‌ನಲ್ಲಿ ಅಲ್ಲಿನ ಜೂಜು ಆಯೋಗ ಫಿಫಾ 18, ಓವರ್‌ವಾಚ್, ಕೌಂಟರ್ ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್ ಈ ಮೂರು ಗೇಮ್‌ಗಳ ಪೆಟ್ಟಿಗೆಗಳೂ ಪರವಾನಗಿ ಇಲ್ಲದ ಜೂಜು ಎಂದು ಹೇಳಿತು. ಶಿಕ್ಷೆ ಐದು ವರ್ಷದವರೆಗೆ ಜೈಲು, ಎಂಟು ಲಕ್ಷ ಯೂರೋವರೆಗೆ ದಂಡ. ಆಡುವವರು ಚಿಕ್ಕವರಾದರೆ ಅದು ಎರಡು ಪಟ್ಟು. ದೊಡ್ಡ ಕಂಪನಿಗಳು ಬಗ್ಗಿದವು. ಫಿಫಾ ಗೇಮ್ ಮಾಡುತ್ತಿದ್ದ ಇಎ ಕಂಪನಿ, ಪೆಟ್ಟಿಗೆ ಕೊಳ್ಳಲು ಬಳಸುವ ಫಿಫಾ ಪಾಯಿಂಟ್‌ಗಳ ಮಾರಾಟವನ್ನು 2019ರ ಜನವರಿ ಕೊನೆಗೆ ಬೆಲ್ಜಿಯಂನಲ್ಲಿ ನಿಲ್ಲಿಸಿತು.

ಇಲ್ಲಿ ನೋಡಲಿರುವ ನಾಲ್ಕು ಬಗೆಯ ಕಾನೂನುಗಳಲ್ಲಿ ಓದಲು ಇದೇ ಅತ್ಯಂತ ಕಟ್ಟುನಿಟ್ಟಾದದ್ದು. ಜಾರಿಯಲ್ಲಿ ಮಾತ್ರ ಸೊರಗಿದೆ. 2022ರಲ್ಲಿ ಸಂಶೋಧಕ ಲಿಯಾನ್ ಶಿಯಾವೊ ಬೆಲ್ಜಿಯಂನಲ್ಲಿ ಅತಿ ಹೆಚ್ಚು ದುಡಿಯುತ್ತಿದ್ದ ನೂರು ಐಫೋನ್ ಗೇಮ್‌ಗಳನ್ನು ಪರೀಕ್ಷಿಸಿದಾಗ 82ರಲ್ಲಿ ಲೂಟ್ ಬಾಕ್ಸ್ ಹಾಗೇ ಇದ್ದವು. ಹೆಸರುವಾಸಿ ಕಂಪನಿಗಳು ಹೊರಟವು, ಯಾರೂ ಗಮನಿಸದ ನೂರಾರು ಕಂಪನಿಗಳು ಉಳಿದವು. ಇದನ್ನು ನೋಡಿ "ಹಾಗಾದರೆ ನಾವೂ ಸುಮ್ಮನೆ ಇಟ್ಟುಬಿಡೋಣ" ಎನ್ನುವ ಸಣ್ಣ ಕಂಪನಿಗಳಿವೆ. ಇದು ಸರಿಯಲ್ಲ. ಕ್ರಿಮಿನಲ್ ಕಾನೂನು ಇವತ್ತು ಮಲಗಿದೆ ಎಂದರೆ ನಾಳೆ ಏಳುವುದಿಲ್ಲ ಎಂದಲ್ಲ.

ನೆದರ್ಲೆಂಡ್ಸ್, ಬ್ರಿಟನ್ ಕೇಳುವ ಪ್ರಶ್ನೆ: ಗೆದ್ದದ್ದಕ್ಕೆ ಬೆಲೆ ಇದೆಯೇ?

ಬೆಲ್ಜಿಯಂ ಗಡಿ ದಾಟಿ ನೆದರ್ಲೆಂಡ್ಸ್‌ಗೆ ಹೋದರೆ ಅದೇ ಪೆಟ್ಟಿಗೆಗೆ ಬೇರೆ ಪ್ರಶ್ನೆ. ಅದೇ 2018ರ ಏಪ್ರಿಲ್‌ನಲ್ಲಿ ಡಚ್ ಜೂಜು ಪ್ರಾಧಿಕಾರ ಹತ್ತು ಗೇಮ್‌ಗಳನ್ನು ಪರಿಶೀಲಿಸಿ, ನಾಲ್ಕು ಮಾತ್ರ ಕಾನೂನು ಮೀರಿವೆ ಎಂದಿತು. ಆ ನಾಲ್ಕರಲ್ಲಿ ಗೆದ್ದ ವಸ್ತುವನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದಿತ್ತು. ಕೈ ಬದಲಾಯಿಸಬಹುದಾದ ವಸ್ತುವಿಗೆ ಮಾರುಕಟ್ಟೆ ಬೆಲೆ ಹುಟ್ಟುತ್ತದೆ, ಬೆಲೆ ಇದ್ದರೆ ಅದು ಬಹುಮಾನ, ಬಹುಮಾನ ಇದ್ದರೆ ಜೂಜು ಎಂಬುದು ಅವರ ತರ್ಕ. ಉಳಿದ ಆರಕ್ಕೆ ಏನೂ ಆಗಲಿಲ್ಲ.

ಫಿಫಾ ವಿಷಯದಲ್ಲಿ ಇದು ದೊಡ್ಡ ಜಗಳವೇ ಆಯಿತು. ಪ್ರಾಧಿಕಾರ 2019ರ ಅಕ್ಟೋಬರ್‌ನಲ್ಲಿ ಇಎಗೆ ಒಟ್ಟು ಒಂದು ಕೋಟಿ ಯೂರೋವರೆಗೆ ಏರಬಹುದಾದ ದಂಡ ಹಾಕಿತು. 2020ರಲ್ಲಿ ಹೇಗ್‌ನ ಜಿಲ್ಲಾ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2022ರ ಮಾರ್ಚ್‌ನಲ್ಲಿ ಆಡಳಿತ ವ್ಯಾಜ್ಯಗಳ ಅತ್ಯುನ್ನತ ಪೀಠ ಎಲ್ಲವನ್ನೂ ತಿರುಗಿಸಿ ಹಾಕಿತು. ಪೆಟ್ಟಿಗೆ ತೆರೆಯುವುದೇ ಒಂದು ಪ್ರತ್ಯೇಕ ಆಟವಲ್ಲ, ಬಹುಪಾಲು ಜನ ಆಟ ಆಡುತ್ತಲೇ ಅದನ್ನು ಪಡೆಯುತ್ತಾರೆ, ಆಟದಲ್ಲೇ ಬಳಸುತ್ತಾರೆ, ಆ ದೊಡ್ಡ ಆಟ ಕೌಶಲದ್ದು, ಹಾಗಾಗಿ ಪೆಟ್ಟಿಗೆಯನ್ನು ಮಾತ್ರ ಕತ್ತರಿಸಿ ತೆಗೆದು ಜೂಜು ಎನ್ನಲಾಗದು ಎಂದಿತು.

ಈ ತೀರ್ಪನ್ನು ನಾನು ಹಲವು ಸಲ ಯೋಚಿಸಿ ನೋಡಿದ್ದೇನೆ, ಒಪ್ಪಲು ಆಗುತ್ತಿಲ್ಲ. ಒಂದು ಕ್ಲಬ್ಬಿನಲ್ಲಿ ಚೆಸ್ ಪಂದ್ಯ ನಡೆಯುತ್ತಿದೆ, ಕುದುರೆ, ಆನೆ, ಮಂತ್ರಿಯ ಕಾಯಿಗಳನ್ನು ಮಾತ್ರ ಲಾಟರಿಯಲ್ಲಿ ಗೆದ್ದು ತರಬೇಕು ಎಂದುಕೊಳ್ಳಿ. ಚೆಸ್ ಕೌಶಲದ ಆಟ ಎಂಬ ಕಾರಣಕ್ಕೆ ಬಾಗಿಲ ಬಳಿಯ ಲಾಟರಿ ಕೌಶಲವಾಗಿಬಿಡುತ್ತದೆಯೇ?

ಬ್ರಿಟನ್ ಕೂಡ ಬೆಲೆಯ ಪ್ರಶ್ನೆಯನ್ನೇ ಕೇಳುತ್ತದೆ. ಅಲ್ಲಿನ 2005ರ ಜೂಜು ಕಾಯ್ದೆಯ ಪ್ರಕಾರ ಗೆದ್ದದ್ದು ಹಣವಾಗಿರಬೇಕು ಅಥವಾ ಹಣದಷ್ಟೇ ಬೆಲೆಯುಳ್ಳದ್ದಾಗಿರಬೇಕು. ಗೇಮ್ ಒಳಗೇ ಉಳಿಯುವ ವಸ್ತು ಈ ಲೆಕ್ಕಕ್ಕೆ ಬರುವುದಿಲ್ಲ. ಸಂಸತ್ತಿನ ಸಮಿತಿ 2019ರಲ್ಲೇ ಕಾಯ್ದೆ ಬದಲಿಸಿ ಎಂದಿತ್ತು. ಸರ್ಕಾರ 2022ರ ಜುಲೈನಲ್ಲಿ ಬೇಡ ಎಂದು ಉದ್ಯಮವೇ ನಿಯಮ ಮಾಡಿಕೊಳ್ಳಲಿ ಎಂದಿತು.

ಬೆಲೆಯ ಪ್ರಶ್ನೆಯ ದೋಷ ಇಲ್ಲಿ ಎದ್ದು ಕಾಣುತ್ತದೆ. ಮಾರಲು ಬಾರದ ವಸ್ತುವಿಗಾಗಿ ದುಡ್ಡು ಕಳೆದುಕೊಂಡವನ ಕೈಗೆ ಏನೂ ವಾಪಸ್ ಬರುವುದಿಲ್ಲ. ಅವನ ನಷ್ಟ ಪೂರ್ತಿ ನಷ್ಟ. ಮಾರಬಹುದಾದರೆ ಸ್ವಲ್ಪವಾದರೂ ಹಿಂದಿರುಗುತ್ತದೆ. ಆದರೂ ಕಾನೂನು ತಡೆಯುವುದು ಎರಡನೆಯದನ್ನು, ಬಿಟ್ಟುಬಿಡುವುದು ಮೊದಲನೆಯದನ್ನು.

ಜಪಾನ್, ಚೀನಾ, ಕೊರಿಯಾ ಕೇಳುವ ಪ್ರಶ್ನೆ: ಗ್ರಾಹಕನಿಗೆ ನಿಜ ಹೇಳಿದ್ದೀರಾ?

ಪೂರ್ವ ಏಷ್ಯಾದ ಈ ಮೂರು ದೇಶಗಳು ಜೂಜೋ ಅಲ್ಲವೋ ಎಂಬ ಜಗ್ಗಾಟಕ್ಕೆ ಹೋಗದೆ, ವಿಷಯವನ್ನು ಮಾರಾಟ, ಖರೀದಿಯ ನ್ಯಾಯವಾಗಿ ನೋಡುತ್ತವೆ. ನನಗೆ ಇಲ್ಲೇ ಹೆಚ್ಚು ತಿರುಳು ಕಾಣುತ್ತದೆ.

ಜಪಾನ್‌ನಲ್ಲಿ ಇಂಥ ಪೆಟ್ಟಿಗೆಗೆ ಗಾಚಾ ಎನ್ನುತ್ತಾರೆ. ಅಲ್ಲಿ 2012ರಲ್ಲಿ ನಿಂತದ್ದು ಒಂದೇ ಬಗೆ, 'ಕೊಂಪು ಗಾಚಾ'. ಹತ್ತು ಬೇರೆ ಬೇರೆ ಕಾರ್ಡು ಪೂರ್ತಿ ಸೇರಿಸಿದರೆ ದೊಡ್ಡ ಬಹುಮಾನ ಎಂಬ ಏರ್ಪಾಡು ಅದು. ಕಾರ್ಡು ಜೋಡಿಸಿ ಬಹುಮಾನ ಕೊಡುವುದನ್ನು ತಡೆಯುವ ಹಳೆಯ ಗ್ರಾಹಕ ನಿಯಮ ಅಲ್ಲಿತ್ತು. ಅದರ ಅಡಿ ಇದೂ ಬರುತ್ತದೆ ಎಂದು ಗ್ರಾಹಕ ವ್ಯವಹಾರಗಳ ಸಂಸ್ಥೆ ಹೇಳಲಿದೆ ಎಂಬ ಸುದ್ದಿ ಮೇ ತಿಂಗಳಲ್ಲಿ ಹೊರಬಿದ್ದಾಗ ಗ್ರೀ, ಡಿಎನ್‌ಎ ಕಂಪನಿಗಳ ಷೇರು ಒಂದೇ ದಿನ ಶೇ. 20ಕ್ಕೂ ಹೆಚ್ಚು ಕುಸಿಯಿತು.

ಇದನ್ನೇ ಯಾಕೆ ಹಿಡಿದರು ಎಂಬುದಕ್ಕೆ ಲೆಕ್ಕ ಮಾಡಿ ನೋಡಿ. ಹತ್ತೂ ಕಾರ್ಡಿಗೆ ಸಮಾನ ಅವಕಾಶ ಇದೆ ಎಂದುಕೊಳ್ಳಿ. ಮೊದಲ ಐದು ಬೇರೆ ಬೇರೆ ಕಾರ್ಡು ಸಿಗಲು ಸರಾಸರಿ ಆರೂವರೆ ಪೆಟ್ಟಿಗೆ ಸಾಕು. "ಅರ್ಧ ಆಯ್ತು, ಇನ್ನರ್ಧ ತಾನೇ" ಅನಿಸುತ್ತದೆ. ಉಳಿದ ಐದಕ್ಕೆ ಸುಮಾರು 23 ಪೆಟ್ಟಿಗೆ ಬೇಕು, ಕೊನೆಯ ಒಂದೇ ಒಂದು ಕಾರ್ಡಿಗೆ ಸರಾಸರಿ ಹತ್ತು. ಒಟ್ಟು ಸುಮಾರು 29. ಅವಕಾಶದ ಪ್ರಮಾಣವನ್ನು ಬರೆದು ಹಾಕಿದರೂ ಆಡುವವನಿಗೆ ಇದು ಹೊಳೆಯುವುದಿಲ್ಲ. ಒಂಬತ್ತು ಕೈಯಲ್ಲಿ ಇರುವಾಗ ಹತ್ತನೆಯದು ಬಾಗಿಲಲ್ಲೇ ನಿಂತಂತೆ ಕಾಣುತ್ತದೆ. ಸಾಮಾನ್ಯ ಗಾಚಾ ಮಾತ್ರ ಜಪಾನ್‌ನಲ್ಲಿ ಇಂದಿಗೂ ನಡೆಯುತ್ತಿದೆ.

ಕೊರಿಯಾದ ಕಥೆ ಇನ್ನೂ ಕಟು. ಮೇಪಲ್‌ಸ್ಟೋರಿ ಎಂಬ ಗೇಮ್‌ನಲ್ಲಿ 'ಕ್ಯೂಬ್' ಎಂಬ ವಸ್ತು ಕೊಂಡು ತಮ್ಮ ಆಯುಧದ ಗುಣವನ್ನು ಅದೃಷ್ಟಕ್ಕೆ ಬಿಟ್ಟು ಬದಲಾಯಿಸಿಕೊಳ್ಳಬಹುದು. ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗದ ತನಿಖೆಯಲ್ಲಿ ಹೊರಬಂದದ್ದು ಇದು: 2013ರ ಜುಲೈನಲ್ಲಿ ಬಂದ ಕಪ್ಪು ಕ್ಯೂಬ್‌ನಲ್ಲಿ ಅತ್ಯುನ್ನತ ದರ್ಜೆಗೆ ಏರುವ ಅವಕಾಶ ಶೇ. 1.8 ಇತ್ತು. ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಡಿಸೆಂಬರ್ ಹೊತ್ತಿಗೆ 1.4ಕ್ಕೆ, 2016ರ ಜನವರಿಯಲ್ಲಿ 1ಕ್ಕೆ ತಂದರು. ಯಾರಿಗೂ ಹೇಳಲಿಲ್ಲ. ಜನ ಬಹಳ ಬಯಸುತ್ತಿದ್ದ ಕೆಲವು ಗುಣಗಳ ಜೋಡಣೆಗಂತೂ 2011ರಿಂದ 2021ರವರೆಗೆ ಅವಕಾಶ ಸೊನ್ನೆ. ಇಲ್ಲದೇ ಇರುವ ವಸ್ತುವಿಗಾಗಿ ಜನ ಹತ್ತು ವರ್ಷ ದುಡ್ಡು ಹಾಕಿದರು.

ಕಪ್ಪು ಕ್ಯೂಬ್ ಒಂದಕ್ಕೆ 2,200 ವಾನ್. ಶೇ. 1.8 ಇದ್ದಾಗ ಸರಾಸರಿ 56 ಸಲ ಪ್ರಯತ್ನಿಸಬೇಕು, ಅಂದರೆ ಸುಮಾರು 1,22,000 ವಾನ್. ಶೇ. 1 ಆದಾಗ ನೂರು ಸಲ, 2,20,000 ವಾನ್. ಅಂಗಡಿಯಲ್ಲಿ ಬರೆದ ಬೆಲೆ ಹಾಗೇ ಇದೆ, ನಿಜವಾದ ಬೆಲೆ ಹತ್ತಿರ ಹತ್ತಿರ ದುಪ್ಪಟ್ಟಾಯಿತು. ತಕ್ಕಡಿಯ ಕೆಳಗೆ ಅಯಸ್ಕಾಂತ ಅಂಟಿಸುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಆಡುವವನೊಬ್ಬನೇ ಕೂತು ಇದನ್ನು ಪತ್ತೆ ಮಾಡಲಾಗದು. ಶೇ. 1.8 ಇದ್ದಾಗಲೂ ನೂರು ಸಲ ಪ್ರಯತ್ನಿಸಿ ಏನೂ ಸಿಗದವರು ಶೇ. 16 ಜನ ಇರುತ್ತಾರೆ. ಸಿಗದಿದ್ದರೆ ತನ್ನ ಹಣೆಬರಹ ಎಂದುಕೊಳ್ಳುತ್ತಾನೆ. ಸಾವಿರಾರು ಜನರ ದಾಖಲೆ ಒಟ್ಟಿಗೆ ಸೇರಿಸಿದರೆ ಮಾತ್ರ ಮೋಸ ಕಾಣುತ್ತದೆ, ಆ ದಾಖಲೆ ಇರುವುದು ಕಂಪನಿಯ ಬಳಿ.

2024ರ ಜನವರಿಯಲ್ಲಿ ಆಯೋಗ ಮೇಪಲ್‌ಸ್ಟೋರಿ ನಡೆಸುವ ನೆಕ್ಸನ್ ಕಂಪನಿಗೆ 1,160 ಕೋಟಿ ವಾನ್‌ಗೂ ಹೆಚ್ಚು ದಂಡ ಹಾಕಿತು. ಅದೇ ವರ್ಷ ಮಾರ್ಚ್ 22ರಿಂದ ಅವಕಾಶದ ಪ್ರಮಾಣ ಪ್ರಕಟಿಸುವುದು ಕೊರಿಯಾದಲ್ಲಿ ಕಡ್ಡಾಯ.

ಚೀನಾ ಈ ಕಡ್ಡಾಯವನ್ನು 2017ರ ಮೇ 1ರಿಂದಲೇ ತಂದಿತ್ತು. ಜೊತೆಗೆ, ಅದೃಷ್ಟದ ಪೆಟ್ಟಿಗೆಯನ್ನು ನೇರ ಹಣಕ್ಕೆ ಮಾರಬಾರದು ಎಂಬ ನಿಯಮವೂ ಇತ್ತು. ಓವರ್‌ವಾಚ್ ಏನು ಮಾಡಿತು ಗೊತ್ತೇ? ಗೇಮ್ ಒಳಗಿನ ನಾಣ್ಯವನ್ನು ಮಾರಾಟಕ್ಕಿಟ್ಟು, ಪೆಟ್ಟಿಗೆಗಳನ್ನು ಅದರ ಜೊತೆ 'ಉಡುಗೊರೆ' ಎಂದು ಕೊಟ್ಟಿತು. ಫ್ರಾನ್ಸ್‌ನಲ್ಲೂ ಇಂಥದೇ ಒಂದು ನಡೆಯಿತು. 2019ರಲ್ಲಿ ಕೌಂಟರ್ ಸ್ಟ್ರೈಕ್ ಅಲ್ಲಿ ಒಂದು ಎಕ್ಸ್‌ರೇ ಯಂತ್ರ ತಂದಿತು. ಪೆಟ್ಟಿಗೆಯನ್ನು ಅದರೊಳಗೆ ಇಟ್ಟರೆ ಒಳಗೇನಿದೆ ಎಂದು ಕೊಳ್ಳುವ ಮೊದಲೇ ಕಾಣುತ್ತದೆ. ಬಹಳ ಒಳ್ಳೆಯದು ಅನಿಸುತ್ತದಲ್ಲವೇ? ಮುಂದಿನ ಪೆಟ್ಟಿಗೆ ನೋಡಬೇಕಾದರೆ ಮಾತ್ರ ಈಗ ನೋಡಿದ್ದನ್ನು ಕೊಂಡೇ ತೀರಬೇಕು. ಅದೃಷ್ಟ ಒಂದು ಪೆಟ್ಟಿಗೆ ಮುಂದಕ್ಕೆ ಸರಿಯಿತು, ಅಷ್ಟೇ. ಕಾನೂನು ರೂಪವನ್ನು ಮಾತ್ರ ಹಿಡಿದರೆ ಹೀಗೇ ಆಗುತ್ತದೆ.

ಆಸ್ಟ್ರೇಲಿಯಾ, ಅಮೆರಿಕ, ಬ್ರೆಜಿಲ್ ಕೇಳುವ ಪ್ರಶ್ನೆ: ಕೊಳ್ಳುತ್ತಿರುವವರು ಯಾರು?

ಈಚೆಗೆ ಕಾನೂನುಗಳು ಈ ಕಡೆ ವಾಲುತ್ತಿವೆ. ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರ್ 22ರಿಂದ ದುಡ್ಡಿನ ಅದೃಷ್ಟದ ಪೆಟ್ಟಿಗೆ ಇರುವ ಹೊಸ ಗೇಮ್‌ಗೆ ಕನಿಷ್ಠ ಎಂ ದರ್ಜೆ ಕಡ್ಡಾಯ. ಹದಿನೈದರ ಒಳಗಿನವರಿಗೆ ಸೂಕ್ತವಲ್ಲ ಎಂಬ ಸಲಹೆ ಅದು, ತಡೆ ಅಲ್ಲ. ಬ್ರೆಜಿಲ್ ಒಂದು ಹೆಜ್ಜೆ ಮುಂದೆ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಮಾಡಿದ ಕಾನೂನಿನಲ್ಲಿ, ಮಕ್ಕಳಿಗಾಗಿ ಇರುವ ಅಥವಾ ಮಕ್ಕಳು ಆಡುವ ಸಾಧ್ಯತೆ ಇರುವ ಗೇಮ್‌ಗಳಲ್ಲಿ ಲೂಟ್ ಬಾಕ್ಸನ್ನೇ ನಿಷೇಧಿಸಿತು. ಮಾರ್ಚ್ 2026ರಿಂದ ಅದು ಅನ್ವಯ.

ಅಮೆರಿಕದಲ್ಲಿ ಲೂಟ್ ಬಾಕ್ಸ್‌ಗೆಂದೇ ಕೇಂದ್ರ ಕಾನೂನು ಇಲ್ಲ. ಆದರೆ 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಗೆನ್ಶಿನ್ ಇಂಪ್ಯಾಕ್ಟ್ ಗೇಮ್‌ನವರ ಜೊತೆ ಮಾಡಿಕೊಂಡ ರಾಜಿ ಓದಬೇಕಾದದ್ದು. ಆ ಗೇಮ್‌ನಲ್ಲಿ ದುಡ್ಡು ಕೊಟ್ಟರೆ ಮೊದಲು ಒಂದು ಬಗೆಯ ಹರಳು ಸಿಗುತ್ತದೆ, ಅದನ್ನು ಇನ್ನೊಂದು ಬಗೆಯ ಹರಳಾಗಿ ಬದಲಿಸಬೇಕು, ಅಂಥ 160 ಕೊಟ್ಟರೆ ಒಂದು ಸಲ ಅದೃಷ್ಟ ಪರೀಕ್ಷೆ. ಹರಳಿನ ಅತಿ ಚಿಕ್ಕ ಕಟ್ಟು 60ರದು. ಮೂರು ಕಟ್ಟು ಕೊಂಡರೆ 180, ಒಂದು ಸಲ ಆಡಿ 20 ಉಳಿಯುತ್ತದೆ. ಆ 20 ವ್ಯರ್ಥವಾಗಬಾರದು ಎಂದು ಮತ್ತೆ ಕೊಳ್ಳಬೇಕೆನಿಸುತ್ತದೆ. ಇಷ್ಟರಲ್ಲಿ ಒಂದು ಸಲಕ್ಕೆ ಎಷ್ಟು ದುಡ್ಡು ಹೋಯಿತು ಎಂಬ ಲೆಕ್ಕ ದೊಡ್ಡವರಿಗೇ ತಪ್ಪುತ್ತದೆ, ಹನ್ನೆರಡು ವರ್ಷದ ಮಗುವಿಗೆ ಸಿಗುವ ಮಾತೇ ಇಲ್ಲ. ರಾಜಿಯ ಪ್ರಕಾರ ಕಂಪನಿ ಎರಡು ಕೋಟಿ ಡಾಲರ್ ಕೊಡಬೇಕಾಯಿತು. ಹದಿನಾರರ ಒಳಗಿನವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ನಾಣ್ಯದಲ್ಲಿ ಮಾರುವುದಾದರೆ ನೇರ ಹಣಕ್ಕೆ ಕೊಳ್ಳುವ ದಾರಿಯನ್ನೂ ಕೊಡಬೇಕು.

ಅಧಿಕಾರಿಗಳ ತಕರಾರಿನ ಹಿಂದೆ ಇರುವ ಇನ್ನೊಂದು ಸಂಗತಿ ಇದು. 2018ರಲ್ಲಿ ಡೇವಿಡ್ ಝೆಂಡಲ್ ಮತ್ತು ಪಾಲ್ ಕೇರ್ನ್ಸ್ ಏಳು ಸಾವಿರಕ್ಕೂ ಹೆಚ್ಚು ಆಟಗಾರರ ಸಮೀಕ್ಷೆ ಮಾಡಿದರು. ಜೂಜಿನ ಚಟದ ತೀವ್ರತೆ ಹೆಚ್ಚಿದ್ದವರು ಪೆಟ್ಟಿಗೆಗೂ ಹೆಚ್ಚು ಸುರಿಯುತ್ತಿದ್ದರು. ಪೆಟ್ಟಿಗೆಯಿಂದ ಚಟ ಬಂತೋ, ಚಟ ಇದ್ದವರು ಪೆಟ್ಟಿಗೆಗೆ ಬಂದರೋ ಎಂದು ಆ ಸಮೀಕ್ಷೆಯಿಂದ ಹೇಳಲಾಗದು. ಕಂಪನಿಗಳು ಇದನ್ನೇ ಹಿಡಿದು "ಸಾಬೀತಾಗಿಲ್ಲ" ಎನ್ನುತ್ತವೆ. ಎರಡರಲ್ಲಿ ಯಾವುದು ನಿಜವಾದರೂ ದುಡ್ಡು ಹೋಗುತ್ತಿರುವುದು ತಡೆಯಲಾಗದವರ ಜೇಬಿನಿಂದ.

ನಮ್ಮಲ್ಲಿ

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಗಂಟಿಗೆ ಕಟ್ಟಿದ್ದು ಅಲ್ಲಿ ನಿಲ್ಲಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಭೇದವನ್ನೇ ಬಿಟ್ಟಿದೆ. ಹಣ ಅಥವಾ ಬೇರೆ ಪಣ ಕೊಟ್ಟು, ಪ್ರತಿಯಾಗಿ ಹಣ ಅಥವಾ ಬೇರೆ ಲಾಭ ಸಿಗುವ ನಿರೀಕ್ಷೆಯಲ್ಲಿ ಆಡುವುದೆಲ್ಲ ಹಣದ ಆಟ, ಅದಕ್ಕೆ ನಿಷೇಧ. ದುಡ್ಡು ಕೊಟ್ಟು ಕೊಂಡ ನಾಣ್ಯ, ಟೋಕನ್ ಕೂಡ ಪಣವೇ. ಲೂಟ್ ಬಾಕ್ಸ್ ಎಂಬ ಹೆಸರು ಕಾಯ್ದೆಯಲ್ಲಿಲ್ಲ. ಆದರೆ ಈ ವ್ಯಾಖ್ಯೆ ಡಚ್ಚರದಕ್ಕಿಂತ ಬೆಲ್ಜಿಯಂನದಕ್ಕೆ ಹತ್ತಿರ. ಹೊರಗೆ ಮಾರಿ ದುಡ್ಡು ಮಾಡಬಹುದಾದ ವಸ್ತು ಇರುವ ಪೆಟ್ಟಿಗೆಯನ್ನು ಇಲ್ಲಿ ಇಡುವುದು ಬೆಂಕಿ ಜೊತೆ ಸರಸ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳುವುದು?

ಹುಡುಗನಿಗೆ ಮೊದಲು ಹೇಳಿದ್ದು, ಪೆಟ್ಟಿಗೆಯೊಳಗೆ ಇಡಬೇಕೆಂದಿರುವ ಖಡ್ಗವನ್ನು ಬೆಲೆ ಬರೆದು ನೇರವಾಗಿ ಮಾರು ಎಂದು. ಹಾಗೆ ಮಾಡಿದರೆ ಮೇಲಿನ ಯಾವ ದೇಶದ ಪ್ರಶ್ನೆಯೂ ನಿನ್ನ ಬಾಗಿಲಿಗೆ ಬರುವುದಿಲ್ಲ. ಅವನು ಒಪ್ಪಲಿಲ್ಲ, "ಪೆಟ್ಟಿಗೆ ಇದ್ರೇನೇ ಜನ ಮತ್ತೆ ಬರೋದು ಅಣ್ಣ" ಎಂದ.

ಇಡಲೇಬೇಕಾದರೆ ಹೀಗೆ ಮಾಡು ಎಂದೆ. ಬೆಲ್ಜಿಯಂ, ಬ್ರೆಜಿಲ್ ಎರಡು ದೇಶದ ಆವೃತ್ತಿಯಲ್ಲಿ ಪೆಟ್ಟಿಗೆ ಬೇಡ. ಉಳಿದ ಕಡೆ ಒಬ್ಬರಿಂದ ಒಬ್ಬರಿಗೆ ವಸ್ತು ವರ್ಗಾಯಿಸುವ ಸೌಲಭ್ಯ ಬೇಡ. ಪೂರ್ತಿ ಸೆಟ್ ಸೇರಿಸಿದರೆ ಬಹುಮಾನ ಎಂಬುದು ಎಲ್ಲೂ ಬೇಡ. ನಾಣ್ಯದ ಸುತ್ತುಬಳಸು ಬಿಟ್ಟು ಪೆಟ್ಟಿಗೆಯ ಪಕ್ಕ ರೂಪಾಯಿಯಲ್ಲೇ ಬೆಲೆ ಬರೆ. ಅವಕಾಶದ ಪ್ರಮಾಣವನ್ನು ಕೊಳ್ಳುವ ಗುಂಡಿಯ ಮೇಲೇ ಹಾಕು, ಮೂರು ಪುಟ ಒಳಗೆ ಅಡಗಿಸಬೇಡ. ಬದಲಾಯಿಸಿದ ದಿನ ಎಲ್ಲರಿಗೂ ತಿಳಿಸು, ಹಳೆಯ ಸಂಖ್ಯೆಯನ್ನೂ ಕಾಣುವಂತೆ ಇಡು. ಎಲ್ಲಕ್ಕಿಂತ ಮುಖ್ಯ, ಒಂದು ಮಿತಿ ಇಡು. ಇಷ್ಟು ಪೆಟ್ಟಿಗೆ ತೆರೆದರೂ ಸಿಗದಿದ್ದರೆ ವಸ್ತುವನ್ನು ಕೊಟ್ಟೇಬಿಡಬೇಕು. ಜಪಾನ್‌ನಲ್ಲಿ ಗ್ರಾನ್‌ಬ್ಲೂ ಫ್ಯಾಂಟಸಿ ಗೇಮ್ 2016ರಲ್ಲಿ ಆಟಗಾರರ ಸಿಟ್ಟಿಗೆ ಮಣಿದು 300ರ ಮಿತಿ ತಂದ ಮೇಲೆ ಇದು ಹಲವು ಕಡೆ ರೂಢಿಗೆ ಬಂದಿದೆ.

"300 ಇಡ್ಲಾ?" ಎಂದು ಕೇಳಿದ. ಅವನ ಪೆಟ್ಟಿಗೆಗೆ ₹50, ಖಡ್ಗದ ಅವಕಾಶ ಶೇ. 1. ಗುಣಿಸು ಎಂದೆ. ₹15,000. ನೂರರಲ್ಲಿ ಐವರು ಆ ಖಡ್ಗಕ್ಕೆ ಪೂರ್ತಿ ₹15,000 ತೆರುತ್ತಾರೆ. ಆ ಐವರಲ್ಲಿ ಯಾರಾದರೂ ಅಪ್ಪನ ಫೋನಿನಿಂದ ಆಡುತ್ತಿರುವ ಹುಡುಗರಾಗಿರಬಹುದು. ಈ ಸಂಖ್ಯೆಯನ್ನು ಪೆಟ್ಟಿಗೆಯ ಚಿತ್ರದ ಕೆಳಗೆ, ₹50ರಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದೆ: 'ಈ ಖಡ್ಗಕ್ಕೆ ಗರಿಷ್ಠ ₹15,000'. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗೆ ಬರೆದ್ರೆ ಯಾರ್ ಕೊಳ್ತಾರೆ ಅಣ್ಣ?" ಎಂದ. ಮಿತಿಯನ್ನು 20ಕ್ಕೆ ಇಳಿಸಿ ಮತ್ತೆ ಗುಣಿಸಿ ನೋಡು ಎಂದು ಹೇಳಿ ಫೋನ್ ಇಟ್ಟೆ.